ಹಿರಿಯರ ಮರ್ಯಾದೆ, ಕಿರಿಯರ ಆಜ್ಞೆ: ಒಂದು ಬ್ಯಾಂಕ್ ಶಾಖೆಯನ್ನು ಮುಂದಿಟ್ಟುಕೊಂಡು

(ದತ್ತಿ ಉಪನ್ಯಾಸದ ಪಠ್ಯ, ಪುಣೆ)



ಐವತ್ತೈದು ದಾಟಿದ ನೌಕರನೊಬ್ಬ ಇಪ್ಪತ್ತಾರರ ಮ್ಯಾನೇಜರನ ಮಾತು ಕೇಳುವುದಿಲ್ಲ ಎಂಬ ದೂರು ಯಾವ ಕಚೇರಿಗೂ ಹೊಸದಲ್ಲ. ಕಿರಿಯರನ್ನು ಕೇಳಿದರೆ ಹಿರಿಯರಿಗೆ ಅಹಂಕಾರ ಎನ್ನುತ್ತಾರೆ, ಹಿರಿಯರನ್ನು ಕೇಳಿದರೆ ಈ ಹುಡುಗರಿಗೆ ಮಾತಾಡುವ ರೀತಿ ಗೊತ್ತಿಲ್ಲ ಎನ್ನುತ್ತಾರೆ. ಎರಡು ಉತ್ತರಗಳೂ ಜಗಳವನ್ನು ಸ್ವಭಾವದ ಲೆಕ್ಕಕ್ಕೆ ಬರೆಯುತ್ತವೆ. ಸ್ವಭಾವದ ಲೆಕ್ಕಕ್ಕೆ ಬರೆದ ಮೇಲೆ ಮಾಡುವುದಕ್ಕೆ ಏನೂ ಉಳಿಯುವುದಿಲ್ಲ; ಒಬ್ಬರು ನಿವೃತ್ತರಾಗಬೇಕು ಅಥವಾ ಇನ್ನೊಬ್ಬರಿಗೆ ವರ್ಗವಾಗಬೇಕು. ನನ್ನ ವಾದ ಬೇರೆ. ಹಿರಿಯರು ಕೆಲಸವನ್ನು ಪ್ರತಿರೋಧಿಸುವುದಕ್ಕಿಂತ ಹೆಚ್ಚಾಗಿ, ಆ ಕೆಲಸದ ಆಜ್ಞೆ ತಮ್ಮ ಬಳಿಗೆ ಬಂದ ದಾರಿಯನ್ನು ಪ್ರತಿರೋಧಿಸುತ್ತಾರೆ. ದಾರಿಯನ್ನು ಬದಲಿಸಬಹುದು. ಇದನ್ನು ತೋರಿಸಲು ಸಾರ್ವಜನಿಕ ವಲಯದ ಬ್ಯಾಂಕಿನ ಒಂದು ಶಾಖೆಯನ್ನು ಆರಿಸಿಕೊಂಡಿದ್ದೇನೆ. ಬ್ಯಾಂಕ್ ಆಫ್ ಮಹಾರಾಷ್ಟ್ರದ ಕೇಂದ್ರ ಕಚೇರಿ ಇರುವ ಊರು ಇದು. ಕರ್ನಾಟಕದಿಂದ ಅಧಿಕಾರಿಗಳಾಗಿ ವರ್ಗವಾಗಿ ಬರುವ ನಮ್ಮ ಯುವಕ ಯುವತಿಯರು ಇಲ್ಲಿನ ಶಾಖೆಗಳಲ್ಲಿ ಎದುರಿಸುವ ಪರಿಸ್ಥಿತಿಯೂ ಇದೇ.

ಈ ವಯಸ್ಸಿನ ಅಂತರ ತಾನಾಗಿ ಬಂದದ್ದಲ್ಲ, ಅದಕ್ಕೊಂದು ಇತಿಹಾಸವಿದೆ. 1969ರ ಜುಲೈ 19ರಂದು ಹದಿನಾಲ್ಕು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಪುಣೆಯ ಬ್ಯಾಂಕ್ ಆಫ್ ಮಹಾರಾಷ್ಟ್ರವೂ ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳೂ ಅವುಗಳಲ್ಲಿದ್ದವು. ಮುಂದಿನ ಎರಡು ದಶಕ ಊರೂರಿಗೆ ಶಾಖೆ ತೆರೆದರು, ಶಾಖೆಗೆ ತಕ್ಕ ಹಾಗೆ ಗುಮಾಸ್ತರನ್ನು ತೆಗೆದುಕೊಂಡರು. ತೊಂಬತ್ತರ ದಶಕದಲ್ಲಿ ಕಂಪ್ಯೂಟರ್ ಬಂತು, ನೇಮಕ ಇಳಿಯಿತು. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದು ಸುಮಾರು ಒಂದು ಲಕ್ಷ ಮಂದಿ ಹೊರಟುಹೋದರು. ಹದಿನೈದು ವರ್ಷ ಸೇವೆಯಾದವರು ಅಥವಾ ನಲವತ್ತು ತುಂಬಿದವರು ಅದಕ್ಕೆ ಅರ್ಹರಾಗಿದ್ದರು. ಅದೇ 2001ರಲ್ಲಿ ಬ್ಯಾಂಕ್ ಸೇವಾ ನೇಮಕಾತಿ ಮಂಡಳಿಗಳನ್ನು ಮುಚ್ಚಲಾಯಿತು. ದೊಡ್ಡ ಪ್ರಮಾಣದ ನೇಮಕ ಮತ್ತೆ ಕುದುರಿದ್ದು ದಶಕ ಉರುಳಿದ ಮೇಲೆ. 2011ರಿಂದ ಐಬಿಪಿಎಸ್‌ನ ಸಾಮಾನ್ಯ ಪರೀಕ್ಷೆಗಳು ಆರಂಭವಾದವು. ಫಲ ಏನೆಂದರೆ, ಶಾಖೆಯಲ್ಲಿ ತಲೆ ನರೆತವರಿದ್ದರು, ಮೀಸೆ ಚಿಗುರುತ್ತಿದ್ದವರಿದ್ದರು, ನಡುವಿನವರು ಇರಲಿಲ್ಲ. ಎಲ್ಲ ಕಚೇರಿಗಳಲ್ಲೂ ಕಿರಿಯನ ಆಜ್ಞೆಯ ಒರಟನ್ನು ಸವೆಸಿ ಹಿರಿಯನಿಗೆ ಮುಟ್ಟಿಸುವವರು ನಲವತ್ತರ ಆಸುಪಾಸಿನವರು. ಬ್ಯಾಂಕುಗಳಲ್ಲಿ ಆ ಪದರವೇ ತೆಳುವಾಗಿತ್ತು. ಎಂಬತ್ತರ ದಶಕದಲ್ಲಿ ಸೇರಿದವರು ಈಗ ಬಹುಪಾಲು ನಿವೃತ್ತರಾಗಿದ್ದಾರೆ, ನಿಜ. ಆದರೆ ಅಂತರ ಮುಗಿದಿಲ್ಲ. ಸಾರ್ವಜನಿಕ ಬ್ಯಾಂಕುಗಳ ಗುಮಾಸ್ತ ಹುದ್ದೆಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಾತಿ ಇದೆ, ವಯೋಮಿತಿಯಲ್ಲಿ ದೊಡ್ಡ ಸಡಿಲಿಕೆಯೂ ಇದೆ. ಸೇನೆಯ ದಕ್ಷಿಣ ಕಮಾಂಡಿನ ಕೇಂದ್ರವಾದ ಪುಣೆಯಲ್ಲಿ, ನಲವತ್ತೈದರ ಮಾಜಿ ಸೈನಿಕ ಹೊಸ ಗುಮಾಸ್ತನಾಗಿ ಇಪ್ಪತ್ತೈದರ ಆಫೀಸರನ ಕೈಕೆಳಗೆ ಕೂರುವುದು ಅಪರೂಪವೇನಲ್ಲ.

ಆಫೀಸರ್ ಆದವರು ಮೊದಲ ವಾರದಲ್ಲೇ ತಪ್ಪಾಗಿ ಓದುವ ಸಂಗತಿಯೊಂದಿದೆ. ಮೂವತ್ತು ವರ್ಷ ಸೇವೆಯಾದರೂ ಗುಮಾಸ್ತನಾಗಿಯೇ ಉಳಿದವರನ್ನು ಕಂಡಾಗ, ಇವರು ಮೇಲೇರಲಾಗದೆ ಉಳಿದವರು ಎಂದು ಅವರು ಭಾವಿಸುತ್ತಾರೆ. ವಾಸ್ತವದಲ್ಲಿ ಅನೇಕರು ಬಡ್ತಿಯನ್ನು ಬೇಕೆಂದೇ ಬಿಟ್ಟವರು. ಆಫೀಸರಿಗೆ ದೇಶದ ಯಾವ ಮೂಲೆಗೂ ವರ್ಗವಾಗಬಹುದು, ಗುಮಾಸ್ತ ಸಾಮಾನ್ಯವಾಗಿ ತನ್ನ ರಾಜ್ಯದಲ್ಲೇ ಇರುತ್ತಾನೆ. ವಯಸ್ಸಾದ ತಾಯಿ, ಮಕ್ಕಳ ಶಾಲೆ, ಸದಾಶಿವ ಪೇಟೆಯ ಹಳೆಯ ಮನೆ ಇವನ್ನೆಲ್ಲ ತೂಗಿ ಅವರು ಲೆಕ್ಕ ಹಾಕಿರುತ್ತಾರೆ. ಅಮೆರಿಕದ ಸಂಶೋಧಕಿ ಬಾರ್ಬರಾ ಲಾರೆನ್ಸ್ ಎಂಬತ್ತರ ದಶಕದಲ್ಲಿ ಒಂದು ವಿದ್ಯುತ್ ಕಂಪನಿಯ ಮ್ಯಾನೇಜರುಗಳನ್ನು ಅಧ್ಯಯನ ಮಾಡಿ, ಪ್ರತಿ ಸಂಸ್ಥೆಯಲ್ಲೂ ಯಾವ ವಯಸ್ಸಿಗೆ ಯಾವ ಮೆಟ್ಟಿಲು ಎಂಬ ಬರೆಯದ ವೇಳಾಪಟ್ಟಿ ಇರುತ್ತದೆ, ತಾವು ಅದಕ್ಕಿಂತ ಹಿಂದೆ ಬಿದ್ದಿದ್ದೇವೆ ಎಂದುಕೊಂಡವರ ಮನಸ್ಸು ಕೆಲಸದಿಂದ ದೂರವಾಗುತ್ತದೆ ಎಂದು ತೋರಿಸಿದರು. ನಮ್ಮ ಗುಮಾಸ್ತರ ವಿಚಾರದಲ್ಲಿ ಸ್ವಲ್ಪ ತಿರುವು ಇದೆ. ಅವರು ತಮ್ಮನ್ನು ಹಿಂದೆ ಬಿದ್ದವರೆಂದು ಎಣಿಸಿರುವುದಿಲ್ಲ. ಹೊಸ ಮ್ಯಾನೇಜರನ ಕಣ್ಣಿನಲ್ಲಿ ಆ ಎಣಿಕೆಯನ್ನು ಮೊದಲ ಬಾರಿ ಕಾಣುತ್ತಾರೆ. ಇದರ ಮೇಲೆ ಇನ್ನೊಂದು ಇಕ್ಕಟ್ಟು ಇದೆ: ಗುಮಾಸ್ತರಿಗೆ ರಾಜ್ಯದ ಭಾಷೆ ಬರಲೇಬೇಕು ಎಂಬ ನಿಯಮದ ಮೇಲೆ ನೇಮಕ, ಆಫೀಸರ್ ನೇಮಕ ಅಖಿಲ ಭಾರತ ಮಟ್ಟದ್ದು. ದಾವಣಗೆರೆಯಿಂದ ಬಂದ ಹುಡುಗಿಗೆ ಮರಾಠಿ ಗ್ರಾಹಕನ ಕೋಪ ಅರ್ಥವಾಗಬೇಕಾದರೆ ತನ್ನ ಆಜ್ಞೆಯನ್ನು ಕೇಳದ ಅದೇ ಹಿರಿಯರನ್ನು ಕೇಳಬೇಕು.

ಈಗ ಆಜ್ಞೆಯ ದಾರಿಗೆ ಬರೋಣ. 1940ರ ದಶಕದಲ್ಲಿ ಸಮಾಜಶಾಸ್ತ್ರಜ್ಞ ವಿಲಿಯಂ ಫುಟ್ ವೈಟ್ ಅಮೆರಿಕದ ಹೋಟೆಲುಗಳನ್ನು ಅಧ್ಯಯನ ಮಾಡಿದರು. ಊಟ ಬಡಿಸುವ ಹುಡುಗಿಯರು ಅಡುಗೆ ಕಟ್ಟೆಯ ಹಿಂದೆ ನಿಂತ ಗಂಡಸರಿಗೆ ಗ್ರಾಹಕರ ಬೇಡಿಕೆಯನ್ನು ಕೂಗಿ ಹೇಳಬೇಕಿತ್ತು. ಹೋಟೆಲಿನ ಶ್ರೇಣಿಯಲ್ಲಿ ಆ ಗಂಡಸರ ಸ್ಥಾನ ಮೇಲು, ಹುಡುಗಿಯರದು ಕೆಳಗೆ. ಆಜ್ಞೆ ಮಾತ್ರ ಕೆಳಗಿನಿಂದ ಮೇಲಕ್ಕೆ ಹೋಗುತ್ತಿತ್ತು. ಗಂಡಸರು ಕೇಳಿಸದವರಂತೆ ನಿಲ್ಲುವರು, ಬೇಕೆಂದೇ ತಡ ಮಾಡುವರು, ಹುಡುಗಿಯರು ಅಳುವರು. ಕೆಲವು ಹೋಟೆಲುಗಳಲ್ಲಿ ಮಾತ್ರ ಜಗಳ ಕಡಿಮೆ ಇತ್ತು. ಅಲ್ಲಿ ಹುಡುಗಿಯರು ಬೇಡಿಕೆಯನ್ನು ಚೀಟಿಯಲ್ಲಿ ಬರೆದು ಕಟ್ಟೆಯ ಮೇಲಿನ ಮೊಳೆಗೆ ಚುಚ್ಚಿಡುತ್ತಿದ್ದರು. ಗಂಡಸರು ಚೀಟಿಗಳನ್ನು ತಮ್ಮ ಅನುಕೂಲದ ಕ್ರಮದಲ್ಲಿ ಎತ್ತಿಕೊಳ್ಳುತ್ತಿದ್ದರು. ಬೇಡಿಕೆ ಅದೇ, ಜನ ಅವರೇ; ಆಜ್ಞೆ ಮಾತ್ರ ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬೀಳುವುದು ನಿಂತಿತ್ತು. ವೈಟ್ ನೋಡಿದ್ದು ವಯಸ್ಸನ್ನಲ್ಲ, ಅಂತಸ್ತನ್ನು ಎಂಬುದನ್ನು ಒಪ್ಪುತ್ತೇನೆ. ನಮ್ಮ ಸಮಾಜದಲ್ಲಿ ವಯಸ್ಸೇ ಒಂದು ಅಂತಸ್ತು ಆದ್ದರಿಂದ ಅವರ ಮಾತು ನಮಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅದಕ್ಕೂ ಇಪ್ಪತ್ತು ವರ್ಷ ಮುಂಚೆ ಮೇರಿ ಪಾರ್ಕರ್ ಫಾಲೆಟ್ ಎಂಬ ಚಿಂತಕಿ ಇದನ್ನೇ ತತ್ವವಾಗಿ ಹೇಳಿದ್ದರು: ಆಜ್ಞೆ ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ಕೊಡುವಂಥದ್ದಾಗಬಾರದು, ಪರಿಸ್ಥಿತಿ ಏನನ್ನು ಕೇಳುತ್ತಿದೆ ಎಂಬುದನ್ನು ಇಬ್ಬರೂ ಸೇರಿ ಕಂಡುಕೊಳ್ಳಬೇಕು.

ಬ್ಯಾಂಕಿಗೆ ಈ ಮೊಳೆ ಹೊಸದಲ್ಲ. ನಗದು ತಿಜೋರಿಗೆ ಎರಡು ಕೀಲಿ; ಒಂದು ಹೆಡ್ ಕ್ಯಾಷಿಯರ್ ಬಳಿ, ಇನ್ನೊಂದು ಆಫೀಸರ್ ಬಳಿ. ಎರಡೂ ಕೂಡಿದರೆ ಮಾತ್ರ ಬಾಗಿಲು ತೆರೆಯುತ್ತದೆ. ಕಂಪ್ಯೂಟರಿನಲ್ಲಿಯೂ ಒಬ್ಬರು ನಮೂದಿಸಬೇಕು, ಇನ್ನೊಬ್ಬರು ಪರಿಶೀಲಿಸಿ ಒಪ್ಪಬೇಕು. ಮೂವತ್ತು ವರ್ಷದ ಅನುಭವಿಯ ನಮೂದನ್ನು ಆರು ತಿಂಗಳ ಆಫೀಸರ್ ತಿರಸ್ಕರಿಸಿದರೂ ಅದನ್ನು ಯಾರೂ ಅವಮಾನವೆಂದು ಎಣಿಸುವುದಿಲ್ಲ, ಏಕೆಂದರೆ ತಿರಸ್ಕರಿಸುವ ಜಾಗ ವ್ಯವಸ್ಥೆಯೊಳಗೇ ಇದೆ. ಜಗಳಗಳು ಹುಟ್ಟುವುದು ವ್ಯವಸ್ಥೆ ದಾರಿ ಹಾಕಿಕೊಡದ ಕಡೆ: ಯಾರು ಯಾವ ಕೌಂಟರಿನಲ್ಲಿ ಕೂರಬೇಕು, ರಜೆ ಯಾರಿಗೆ, ಗ್ರಾಹಕನ ಮುಂದೆ ಯಾರ ಮಾತು ಕೊನೆಯದು.

ಒಂದು ಸನ್ನಿವೇಶವನ್ನು ಪೂರ್ತಿ ನಡೆಸಿ ನೋಡೋಣ. ಶಾಖೆಯ ಹಳೆಯ ಗ್ರಾಹಕ, ಪೇಟೆಯ ಕಿರಾಣಿ ವ್ಯಾಪಾರಿಯೊಬ್ಬರು ದಿನದ ವಸೂಲಿ ಕಟ್ಟಲು ಬರುತ್ತಾರೆ. ಐನೂರರ ಕಂತೆಯಲ್ಲಿ ಒಂದು ಖೋಟಾ ನೋಟು ಸಿಗುತ್ತದೆ. ಕ್ಯಾಷಿಯರಿಗೆ ಐವತ್ತೇಳು ವರ್ಷ, ವ್ಯಾಪಾರಿಯ ಪರಿಚಯ ಎರಡು ತಲೆಮಾರಿನದು. ಅವರು ನೋಟನ್ನು ಮೆಲ್ಲಗೆ ವಾಪಸು ತಳ್ಳಿ, ಇದು ನಡೆಯೋದಿಲ್ಲ ಶೇಠ್, ಬೇರೆ ಕೊಡಿ ಎನ್ನುತ್ತಾರೆ. ಇಪ್ಪತ್ತಾರರ ಮ್ಯಾನೇಜರ್ ಅದನ್ನು ನೋಡುತ್ತಾಳೆ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಸಂದಿಗ್ಧವೇ ಇಲ್ಲ. ಖೋಟಾ ನೋಟನ್ನು ಹಿಂದಿರುಗಿಸುವಂತಿಲ್ಲ, ಅದರ ಮೇಲೆ ಖೋಟಾ ಎಂಬ ಮುದ್ರೆ ಒತ್ತಿ ಮುಟ್ಟುಗೋಲು ಹಾಕಬೇಕು, ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆಯಬೇಕು, ತಂದವನಿಗೆ ರಸೀದಿ ಕೊಡಬೇಕು; ಆತ ಸಹಿ ಹಾಕಲು ಒಪ್ಪದಿದ್ದರೂ ಕೊಡಬೇಕು. ಆ ನೋಟಿನ ಹಣ ಖಾತೆಗೆ ಜಮೆಯಾಗದು. ಒಂದೇ ವ್ಯವಹಾರದಲ್ಲಿ ನಾಲ್ಕರವರೆಗೆ ಸಿಕ್ಕರೆ ತಿಂಗಳ ಕೊನೆಯಲ್ಲಿ ಪೊಲೀಸರಿಗೆ ಒಟ್ಟು ವರದಿ, ಐದು ಅಥವಾ ಹೆಚ್ಚು ಸಿಕ್ಕರೆ ಕೂಡಲೇ ದೂರು. ಹಿಂದಿರುಗಿಸಿದರೆ ಖೋಟಾ ನೋಟಿನ ಚಲಾವಣೆಯಲ್ಲಿ ಬ್ಯಾಂಕೇ ಬೇಕೆಂದು ಪಾಲುಗೊಂಡಂತೆ ಎಣಿಕೆಯಾಗುತ್ತದೆ.

ಮ್ಯಾನೇಜರ್ ತನ್ನ ಕ್ಯಾಬಿನ್ನಿನಿಂದಲೇ, ನೋಟು ವಾಪಸು ಕೊಡಬೇಡಿ, ಸೀಲ್ ಹಾಕಿ ಎಂದು ಕೂಗಿದಳೆನ್ನಿ. ಅವಳು ಹೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಕ್ಷಣದಲ್ಲಿ ಮೂರು ಸಂಗತಿಗಳು ಒಂದಾಗಿವೆ: ನಿಯಮ, ಅವಳ ಅಧಿಕಾರ, ಮೂವತ್ತು ವರ್ಷದ ಪರಿಚಯಸ್ಥನ ಎದುರು ಹಿರಿಯನ ಮುಖ. ಕ್ಯಾಷಿಯರ್ ಕಾಪಾಡಿಕೊಳ್ಳುವುದು ಮೂರನೆಯದನ್ನು. ಅವರು ಕೇಳಿಸದವರಂತೆ ಮುಂದಿನ ಕಂತೆ ಎಣಿಸುತ್ತಾರೆ. ಕೂಗುವ ಬದಲು ಅವಳು ಎದ್ದು ಕೌಂಟರಿನ ಒಳಭಾಗಕ್ಕೆ ಬಂದು, ನಿಯಮವನ್ನು ವ್ಯಾಪಾರಿಗೆ ತಾನೇ ಹೇಳಿದರೆ ಏನಾಗುತ್ತದೆ? ಈ ನಿಯಮವನ್ನು ಗ್ರಾಹಕರಿಗೆ ಕಾಣುವಂತೆ ಶಾಖೆಯಲ್ಲಿ ತೂಗುಹಾಕಬೇಕೆಂಬ ಸೂಚನೆಯೂ ಇದೆ. ಆ ಫಲಕವನ್ನು ತೋರಿಸಿದರೆ ಸಾಕು. ಆಗ ಒತ್ತಡ ಗೋಡೆಯಿಂದ ಬರುತ್ತದೆ, ಹುಡುಗಿಯಿಂದಲ್ಲ. ಕ್ಯಾಷಿಯರಿಗೆ ಅವಳು ಹೇಳಬೇಕಾದ ಮಾತು ರಿಜಿಸ್ಟರ್ ಎಲ್ಲಿದೆ ಸರ್ ಎಂಬುದಷ್ಟೇ. ವ್ಯಾಪಾರಿಯ ಸಿಟ್ಟು ಮ್ಯಾನೇಜರಿನ ಮೇಲೆ ಹೋಗುತ್ತದೆ. ಹೋಗಲಿ, ಸಂಬಳದಲ್ಲಿ ಅದೂ ಸೇರಿದೆ. ಸಂಜೆ, ನಗದು ಮುಗಿಸಿ ಎರಡು ಕೀಲಿ ತಿರುಗಿಸುವ ಹೊತ್ತಿಗೆ, ಬಾಗಿಲು ಹಾಕಿಕೊಂಡು, ಬೆಳಗಿನದು ತಪ್ಪು ಎಂದು ಸ್ಪಷ್ಟವಾಗಿ ಹೇಳಬೇಕು. ಅದನ್ನು ಹೇಳದೆ ಬಿಟ್ಟರೆ ಮೇಲಿನ ಎಲ್ಲ ನಯವೂ ಹೇಡಿತನವಾಗುತ್ತದೆ.

ಎಲ್ಲ ಪ್ರತಿರೋಧವೂ ವಯಸ್ಸಿನದಲ್ಲ, ಅದನ್ನು ಗುರುತಿಸಲು ದಾರಿಗಳಿವೆ. ಅದೇ ಸೂಚನೆ ವಲಯ ಕಚೇರಿಯ ಸುತ್ತೋಲೆಯಾಗಿ ಬಂದಾಗ ಹಿರಿಯರು ತಕರಾರಿಲ್ಲದೆ ಮಾಡಿದರೆ ತೊಡಕು ವಯಸ್ಸಿನದು, ದಾರಿ ಬದಲಿಸಿದರೆ ಸರಿಹೋಗುತ್ತದೆ. ಯಾರು ಹೇಳಿದರೂ ಮಾಡದಿದ್ದರೆ ತೊಡಕು ಬೇರೆ. ಬಹಳ ಸಲ ಹೊಸ ಸಾಫ್ಟ್‌ವೇರಿನ ಭಯ, ಕಣ್ಣಿನ ದೋಷ, ಕೆಲಸದ ಹೊರೆ. ಆಕ್ಷೇಪ ಕೆಲಸಕ್ಕೆ ಮುಂಚೆ, ವಿವರಗಳ ಸಮೇತ ಬಂದರೆ ಅದು ಅನುಭವದ ಮಾತು, ಕೇಳಬೇಕು. ಕೆಲಸದ ಗಡುವು ಮುಗಿದ ಮೇಲೆ ಬಂದರೆ ಅದು ನೆಪ. ಇನ್ನೊಂದು ಬಗೆಯೂ ಉಂಟು, ಅದನ್ನು ಮರೆತರೆ ಈ ಉಪನ್ಯಾಸ ಮ್ಯಾನೇಜರುಗಳ ಪರ ವಕಾಲತ್ತಾಗುತ್ತದೆ. ಗುರಿ ಮುಟ್ಟುವ ಒತ್ತಡದಲ್ಲಿರುವ ಕಿರಿಯ ಆಫೀಸರ್, ಪಿಂಚಣಿ ತೆಗೆಯಲು ಬಂದ ಅಜ್ಜಿಗೆ ಅರ್ಥವಾಗದ ವಿಮಾ ಪಾಲಿಸಿಯನ್ನು ಮಾರಲು ಹೇಳಿದಾಗ, ಹಿರಿಯ ಗುಮಾಸ್ತ ಅರ್ಜಿಯನ್ನೇ ಮುಂದಕ್ಕೆ ಸರಿಸದೆ ಕೂತರೆ, ಆ ಶಾಖೆಯಲ್ಲಿ ಬ್ಯಾಂಕಿನ ಹೆಸರನ್ನು ಉಳಿಸುತ್ತಿರುವವರು ಅವರೇ.

ಹಿರಿಯನ ಮೇಲೆ ಕಿರಿಯನ ಅಧಿಕಾರ ಎಂಬ ಪ್ರಶ್ನೆಯನ್ನು ತುಂಬ ಹಿಂದೆಯೇ ಎದುರಿಸಿದ ಸಂಸ್ಥೆಯೊಂದು ಈ ಊರಿನ ಅಂಚಿನಲ್ಲೇ ಬೇರೂರಿದೆ. ಖಡಕ್‌ವಾಸಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯಿಂದ ಹೊರಟ ಹುಡುಗ ಡೆಹ್ರಾಡೂನ್ ಮುಗಿಸಿ ಇಪ್ಪತ್ತೆರಡರ ಆಸುಪಾಸಿನಲ್ಲಿ ಲೆಫ್ಟಿನೆಂಟ್ ಆಗುತ್ತಾನೆ. ಪಲ್ಟಣಿಯಲ್ಲಿ ಅವನಿಗಿಂತ ಇಪ್ಪತ್ತು ವರ್ಷ ಹಿರಿಯರಾದ ಸುಬೇದಾರರು ಇರುತ್ತಾರೆ. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳವನ್ನೇ ನೆನೆಯಿರಿ. ನಮ್ಮ ಗಡಿಜಿಲ್ಲೆಗಳ ಹಲವು ಮನೆಗಳಿಗೆ ಈ ಲೋಕ ಪರಿಚಿತ. ಸುಬೇದಾರರು ಹುಡುಗನಿಗೆ ಸಲ್ಯೂಟ್ ಹೊಡೆಯುತ್ತಾರೆ, ಹುಡುಗ ಅವರನ್ನು ಸಾಹೇಬರೇ ಎಂದೇ ಕರೆಯುತ್ತಾನೆ. ಸುಬೇದಾರರಿಗೆ ತಮ್ಮದೇ ಮೆಸ್ ಇದೆ, ತಮ್ಮದೇ ಮೆಟ್ಟಿಲುಗಳಿವೆ; ಪಲ್ಟಣಿಯ ಸುಬೇದಾರ್ ಮೇಜರ್ ನೇರವಾಗಿ ಕಮಾಂಡಿಂಗ್ ಆಫೀಸರರ ಬಳಿ ಹೋಗಿ ಜವಾನರ ಕಷ್ಟ ಹೇಳಬಲ್ಲರು. ಅಂದರೆ ಆಜ್ಞೆ ಒಂದು ಕಾಲುವೆಯಲ್ಲಿ, ಮರ್ಯಾದೆ ಇನ್ನೊಂದರಲ್ಲಿ ಹರಿಯುತ್ತದೆ. ಒಂದು ತುಂಬಿತೆಂದು ಇನ್ನೊಂದು ಬತ್ತುವುದಿಲ್ಲ. ಹದಿನೈದು ಇಪ್ಪತ್ತು ವರ್ಷ ಹೀಗೆ ಬದುಕಿದ ಮಾಜಿ ಸೈನಿಕ ಬ್ಯಾಂಕಿಗೆ ಬಂದಾಗ ಕಿರಿಯನ ಆಜ್ಞೆಗೆ ಬೇಸರಿಸಿದರೆ, ಆಜ್ಞೆ ಅವರಿಗೆ ಹೊಸದಲ್ಲ ಎಂಬುದನ್ನು ನೆನಪಿಡಬೇಕು. ಎರಡನೆಯ ಕಾಲುವೆ ಇಲ್ಲಿಲ್ಲ, ಅದು ಅವರಿಗೆ ಹೊಸದು.

ಸೇನೆಯಲ್ಲಿ ಕೋರ್ಟ್ ಮಾರ್ಷಲ್ ಇದೆ, ಬ್ಯಾಂಕಿನಲ್ಲಿ ಯೂನಿಯನ್ ಇದೆ, ಹೋಲಿಕೆ ನಿಲ್ಲದು ಎಂದು ಆಕ್ಷೇಪಿಸಬಹುದು. ಇನ್ನೂ ಕಟುವಾದ ಆಕ್ಷೇಪವೂ ಇದೆ: ಈ ಏರ್ಪಾಡನ್ನು ಕಟ್ಟಿದ್ದು ಬ್ರಿಟಿಷರು, ಎಷ್ಟೇ ಹಿರಿಯ ಭಾರತೀಯನೂ ಅತಿ ಕಿರಿಯ ಬಿಳಿಯ ಆಫೀಸರನ ಕೆಳಗೇ ಇರಲಿ ಎಂದು. ಇದು ನಿಜ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಬಿಳಿಯರು ಹೋದ ಮೇಲೂ ಸೇನೆ ಅದನ್ನು ಉಳಿಸಿಕೊಂಡದ್ದಕ್ಕೆ ದಂಡನೆಯ ಭಯವೊಂದೇ ಕಾರಣವಿರಲಾರದು. ದಂಡನೆಯ ಭಯ ಬೇರೆ ಬೇರೆ ರೂಪದಲ್ಲಿ ಎಲ್ಲ ಕಡೆ ಇದೆ. ಯೂನಿಯನ್ನಿನ ವಿಚಾರಕ್ಕೆ ಬಂದರೆ, ಹೆಡ್ ಕ್ಯಾಷಿಯರ್, ಸ್ಪೆಷಲ್ ಅಸಿಸ್ಟೆಂಟ್ ಮುಂತಾದ ಗುಮಾಸ್ತರ ವಿಶೇಷ ಭತ್ಯೆಯ ಹುದ್ದೆಗಳು ಯೂನಿಯನ್ನುಗಳ ಒಪ್ಪಂದಗಳಲ್ಲೇ ಸೇರಿವೆ. ಹಿರಿಯನಿಗೆ ತನ್ನದೇ ಜಾಗ ಎಂಬ ಕಲ್ಪನೆ ಅಲ್ಲಿ ಆಗಲೇ ಇದೆ. ಮ್ಯಾನೇಜರುಗಳು ಅದನ್ನು ಭತ್ಯೆಯೆಂದು ಮಾತ್ರ ನೋಡುತ್ತಾರೆ, ನಗದು ವಿಭಾಗದ ಮುಖ್ಯಸ್ಥರೆಂದು ಅವರನ್ನು ನಡೆಸಿಕೊಳ್ಳುವುದಿಲ್ಲ.

ಹಿಂಜೇವಾಡಿಯ ಐಟಿ ಕಂಪನಿಗಳಲ್ಲಿ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ, ಅಲ್ಲಿ ಈ ರಗಳೆಯೇ ಇಲ್ಲ, ವಯಸ್ಸಿನ ಮರ್ಯಾದೆ ಎಂಬ ಪಾಳೇಗಾರಿಕೆಯನ್ನೇ ಕಿತ್ತೊಗೆಯಬಾರದೇಕೆ ಎಂದು ಕೇಳುವವರಿದ್ದಾರೆ. ಹೆಸರು ಹಿಡಿದು ಕರೆದ ಮಾತ್ರಕ್ಕೆ ಮನಸ್ಸು ಸಮನಾಗುವುದಿಲ್ಲ. ಜರ್ಮನಿಯಲ್ಲಿ ಕುಂಜೆ ಮತ್ತು ಮೆಂಗೆಸ್ ಎಂಬ ಸಂಶೋಧಕರು 61 ಕಂಪನಿಗಳನ್ನು ಅಧ್ಯಯನ ಮಾಡಿದರು. ಕಿರಿಯ ಮೇಲಧಿಕಾರಿ ಮತ್ತು ಹಿರಿಯ ನೌಕರರ ನಡುವಿನ ಅಂತರ ಹೆಚ್ಚಿದ್ದಲ್ಲಿ ಸಿಟ್ಟು, ಭಯದಂಥ ಭಾವನೆಗಳು ಹೆಚ್ಚಾಗಿದ್ದವು. ನೌಕರರು ಅವನ್ನು ಒಳಗೇ ಅದುಮಿಟ್ಟುಕೊಳ್ಳುವ ಕಡೆ ಕಂಪನಿಯ ಸಾಧನೆಗೂ ಪೆಟ್ಟು ಬೀಳುತ್ತಿತ್ತು. ವಯಸ್ಸಿಗೆ ಮಣಿಯುವ ಸಂಪ್ರದಾಯ ನಮ್ಮಷ್ಟಿಲ್ಲದ ದೇಶದ ಕತೆ ಇದು. ಹಾಗೆಂದು ಕಾಕಾ, ಮಾಮಾ ಎಂದು ನೆಂಟಸ್ತನ ಹೂಡುವುದೂ ಜಾಣತನವಲ್ಲ. ಕಾಕಾ ಎಂದು ಕರೆದವಳು ನಾಳೆ ಮೆಮೊ ಕೊಟ್ಟರೆ ಅದು ಮನೆಯ ಹುಡುಗಿಯ ದ್ರೋಹವಾಗುತ್ತದೆ. ಕೆಲಸದ ಜಾಗಕ್ಕೆ ಸರ್, ಮೇಡಂ ಸಾಕು. ಬಹುವಚನ ಇರಲಿ, ಬಳಗ ಬೇಡ.

ಕೊನೆಯ ಆಕ್ಷೇಪ ಅತ್ಯಂತ ಗಂಭೀರವಾದದ್ದು. ಇಷ್ಟೆಲ್ಲ ಮಾಡಿದರೂ ಹಿರಿಯರು ಬಗ್ಗದಿದ್ದರೆ? ಆಗ ನಿಯಮಕ್ಕೆ ಹೋಗಲೇಬೇಕು, ಹೋಗುವುದಕ್ಕೆ ಸಂಕೋಚಪಡಬಾರದು. ಬ್ಯಾಂಕುಗಳ ಮತ್ತು ಯೂನಿಯನ್ನುಗಳ ನಡುವೆ 1966ರ ಅಕ್ಟೋಬರ್ 19ರಂದು ಆದ ಮೊದಲ ದ್ವಿಪಕ್ಷೀಯ ಒಪ್ಪಂದ, ಮೇಲಧಿಕಾರಿಯ ಕಾನೂನುಬದ್ಧವೂ ನ್ಯಾಯಸಮ್ಮತವೂ ಆದ ಆಜ್ಞೆಯನ್ನು ಬೇಕೆಂದೇ ಮೀರುವುದನ್ನು ಗುರುತರ ದುರ್ನಡತೆ ಎಂದು ಹೆಸರಿಸಿತು. ಶಿಸ್ತು ಕ್ರಮದ ಬಗ್ಗೆ 2002ರಲ್ಲಿ ಆದ ಒಪ್ಪಂದವೂ ಅದನ್ನು ಉಳಿಸಿಕೊಂಡಿತು. ಯೂನಿಯನ್ನುಗಳೇ ಸಹಿ ಹಾಕಿದ ಮಾತು ಅದು, ಅದರಲ್ಲಿ ವಯಸ್ಸಿಗೆ ವಿನಾಯಿತಿ ಇಲ್ಲ. ಆದರೆ ಆ ವಾಕ್ಯದ ಒಂದೊಂದು ವಿಶೇಷಣವನ್ನೂ ವಿಚಾರಣೆಯಲ್ಲಿ ರುಜುವಾತು ಮಾಡಬೇಕಾಗುತ್ತದೆ. ಆಜ್ಞೆ ಯಾವುದು, ಯಾವ ದಿನ ಕೊಟ್ಟದ್ದು, ಅದು ಆ ನೌಕರನ ಕೆಲಸದ ವ್ಯಾಪ್ತಿಯೊಳಗಿತ್ತೇ, ಅರ್ಥವಾಗಿತ್ತೇ, ಬೇಕೆಂದೇ ಬಿಟ್ಟದ್ದೇ? ಕ್ಯಾಬಿನ್ನಿನಿಂದ ಕೂಗಿದ ಆಜ್ಞೆಗೆ ಈ ಪ್ರಶ್ನೆಗಳ ಮುಂದೆ ಉತ್ತರವಿರುವುದಿಲ್ಲ, ಕಚೇರಿ ಆದೇಶದ ಪುಸ್ತಕದಲ್ಲಿ ಬರೆದು ಸಹಿ ಪಡೆದ ಆಜ್ಞೆಗೆ ಇರುತ್ತದೆ. ಆದ್ದರಿಂದ ಕ್ರಮ ಹೀಗೆ: ಒಂಟಿಯಾಗಿ ಮಾತು, ಆಮೇಲೆ ಬರಹದ ಆದೇಶ, ಆಮೇಲೆ ವಿವರಣೆ ಕೇಳುವ ಮೆಮೊ, ಆಮೇಲೆ ಮೇಲಿನ ಕಚೇರಿ. ಹಿರಿಯರಿಗೂ ಇದರಲ್ಲೊಂದು ಕರ್ತವ್ಯವಿದೆ. ಆಜ್ಞೆ ಕಾನೂನುಬಾಹಿರವಲ್ಲದಿದ್ದರೆ ಮೊದಲು ಪಾಲಿಸಿ, ಅದೇ ದಿನ ಆಕ್ಷೇಪವನ್ನು ಬರೆದುಕೊಡಬೇಕು. ಕಾನೂನುಬಾಹಿರವೆನಿಸಿದರೆ ಬರೆದುಕೊಡಿ ಎಂದು ಕೇಳಬೇಕು. ತಪ್ಪು ಆಜ್ಞೆ ಕೊಟ್ಟವರು ಬಹುಪಾಲು ಅಲ್ಲಿಗೇ ನಿಲ್ಲುತ್ತಾರೆ.

ಈ ಸಭೆಯಲ್ಲಿ ವಲಯ ಕಚೇರಿಗಳಲ್ಲಿ ಕೆಲಸ ಮಾಡುವವರು ಹಲವರಿದ್ದೀರಿ, ನನ್ನ ಕೋರಿಕೆ ನಿಮ್ಮಲ್ಲಿ. ಕಿರಿಯ ಅಧಿಕಾರಿಯನ್ನು ಶಾಖೆಯ ಮುಖ್ಯಸ್ಥರನ್ನಾಗಿ ಕಳುಹಿಸುವಾಗ ಅಧಿಕಾರ ವಹಿಸುವ ಪತ್ರದ ಜೊತೆಗೆ ಇನ್ನೊಂದು ಹಾಳೆಯನ್ನೂ ಕಳುಹಿಸಿ. ಶಾಖೆಯ ಯಾವ ಕೆಲಸದಲ್ಲಿ ಯಾವ ಹಿರಿಯ ನೌಕರರ ಸಲಹೆಯನ್ನು ಮುಂಚಿತವಾಗಿ ಕೇಳಬೇಕು, ಯಾವುದರಲ್ಲಿ ನಿರ್ಧಾರ ಮ್ಯಾನೇಜರರದೇ ಎಂಬುದು ಅದರಲ್ಲಿರಲಿ, ಅದರ ಪ್ರತಿ ಆ ಹಿರಿಯರಿಗೂ ಸಿಗಲಿ. ಮ್ಯಾನೇಜರ್ ಶಾಖೆಗೆ ಕಾಲಿಡುವ ಮೊದಲೇ ಅದು ತಲುಪಬೇಕು.